ಆರ್‌ಡಿ ಲೆಕ್ಕ: ಒಂಬೈನೂರ ಅರವತ್ತು ಯಾಕೆ ಬರಲಿಲ್ಲ?

ತಂಗಿಯ ಆರ್‌ಡಿ ಮೆಚ್ಯೂರ್ ಆಗಿತ್ತು. ತಿಂಗಳಿಗೆ 1,000 ರೂಪಾಯಿ, ಒಂದು ವರ್ಷ, ಬಡ್ಡಿ ಶೇಕಡಾ 8. ಕೈಗೆ ಬಂದದ್ದು 12,530. ಅವಳು ಲೆಕ್ಕ ಹಾಕಿಕೊಂಡಿದ್ದು ಬೇರೆಯೇ.

"ಅಕ್ಕಾ, ಹನ್ನೆರಡು ಸಾವಿರಕ್ಕೆ ಎಂಟು ಪರ್ಸೆಂಟ್ ಅಂದ್ರೆ ಒಂಬೈನೂರ ಅರವತ್ತು ಆಗ್ಬೇಕಲ್ವಾ? ನಾನೂರ ಮೂವತ್ತು ಕಡಿಮೆ ಕೊಟ್ಟಿದ್ದಾರೆ."

ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟು ಕಾಲವೂ ಜನ ನನ್ನನ್ನು ಕೇಳಿದ ಪ್ರಶ್ನೆ ಇದು. ರಸೀದಿ ತೋರಿಸಿ "ಸರಿಯಾಗಿದೆ" ಎಂದುಬಿಡುವುದು ಸುಲಭ, ಆದರೆ ಅದು ಉತ್ತರವಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ತೆಗೆದೆ.

"ಹನ್ನೆರಡು ಸಾವಿರ ಪೂರ್ತಿ ವರ್ಷ ಅಲ್ಲಿತ್ತಾ?" ಅಂತ ಕೇಳಿದೆ. ಇರಲಿಲ್ಲ. ಮೊದಲ ಕಂತು ಹನ್ನೆರಡು ತಿಂಗಳು ದುಡಿಯಿತು, ಎರಡನೆಯದು ಹನ್ನೊಂದು, ಹೀಗೆ ಇಳಿಯುತ್ತಾ ಕೊನೆಯ ಕಂತಿಗೆ ಸಿಕ್ಕಿದ್ದು ಒಂದೇ ತಿಂಗಳು. 12ರಿಂದ 1ರವರೆಗೆ ಕೂಡಿದರೆ 78. ಅಂದರೆ ಒಟ್ಟಾರೆ ಸಾವಿರ ರೂಪಾಯಿ 78 ತಿಂಗಳು ದುಡಿದ ಹಾಗೆ. ಸಾವಿರಕ್ಕೆ ತಿಂಗಳ ಬಡ್ಡಿ 6 ರೂಪಾಯಿ 67 ಪೈಸೆಯ ಹತ್ತಿರ, 78 ತಿಂಗಳಿಗೆ ಸರಿಯಾಗಿ 520. ಅವಳ 960ರ ಲೆಕ್ಕ ಕುಸಿದದ್ದು ಇಲ್ಲೇ. ಸರಾಸರಿ ತೆಗೆದರೆ ಪ್ರತಿ ಕಂತೂ ಆರೂವರೆ ತಿಂಗಳಷ್ಟೇ ಖಾತೆಯಲ್ಲಿತ್ತು.

ಉಳಿದ ಹತ್ತು ರೂಪಾಯಿ ಚಕ್ರಬಡ್ಡಿಯದು. ಆರ್‌ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ವರ್ಷಕ್ಕೆ 8 ಅಂದರೆ ತ್ರೈಮಾಸಿಕಕ್ಕೆ 2. ಹಾಗಾಗಿ ಲೆಕ್ಕವನ್ನೂ ಮೂರು ತಿಂಗಳ ತುಂಡುಗಳಾಗಿ ಮಾಡುವುದು ನನಗೆ ಇಷ್ಟ, ಯಾವ ಸೂತ್ರವೂ ಬೇಡ. ಒಂದು ತ್ರೈಮಾಸಿಕದ ಮೂರು ಕಂತುಗಳು ಆ ಅವಧಿಯೊಳಗೆ ಮೂರು, ಎರಡು, ಒಂದು ತಿಂಗಳು ದುಡಿಯುತ್ತವೆ. ಒಟ್ಟು ಆರು ತಿಂಗಳು, ಬಡ್ಡಿ 40. ಆದ್ದರಿಂದ ಪ್ರತಿ ತ್ರೈಮಾಸಿಕದ ಕೊನೆಗೆ ಹೊಸದಾಗಿ ಸೇರುವ ಮೊತ್ತ 3,040. ಹಳೆಯ ಬಾಕಿಗೆ ಎರಡು ಪರ್ಸೆಂಟ್ ಸೇರಿಸಿ, ಮೇಲೆ ಈ 3,040 ಕೂಡುತ್ತಾ ಹೋದರಾಯಿತು.

ತಂಗಿಯ ಕೈಯಿಂದಲೇ ಬರೆಸಿದೆ. ಮೊದಲ ಮೂರು ತಿಂಗಳಿಗೆ 3,040. ಅದಕ್ಕೆ 60.80 ಬಡ್ಡಿ, ಮತ್ತೆ 3,040, ಒಟ್ಟು 6,140.80. ಮೂರನೆಯ ಸಲ 9,303.62. ನಾಲ್ಕನೆಯ ಸಲ 12,529.69. ಪೂರ್ಣಾಂಕಕ್ಕೆ ತಂದರೆ ಅವಳ ರಸೀದಿಯಲ್ಲಿದ್ದ ಅದೇ 12,530.

ಅಷ್ಟರಲ್ಲಿ ಅವಳ ಮಗ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ FV ಸೂತ್ರ ಹಾಕಿ ನೋಡಿ, "ದೊಡ್ಡಮ್ಮಾ, ಇಲ್ಲಿ 12,447 ಬರ್ತಿದೆ" ಅಂದ. ಅವನು ಬರೆದ ಸೂತ್ರದಲ್ಲಿ, ಕಂತು ತಿಂಗಳ ಮೊದಲಿಗೇ ಬೀಳುತ್ತದೆ ಎಂದು ಹೇಳುವ ಕೊನೆಯ 1 ಇರಲಿಲ್ಲ. ಅದು ಇಲ್ಲದಿದ್ದರೆ ಶೀಟು ಪ್ರತಿ ಕಂತನ್ನೂ ತಿಂಗಳ ಕೊನೆಗೆ ಕಟ್ಟಿದ್ದೆಂದು ತಿಳಿಯುತ್ತದೆ. ಕೊನೆಯ ಕಂತಿಗೆ ಬಡ್ಡಿಯೇ ಸಿಗುವುದಿಲ್ಲ. ಆರ್‌ಡಿಯಲ್ಲಿ ಖಾತೆ ತೆರೆದ ದಿನವೇ ಮೊದಲ ಕಂತು ಬೀಳುತ್ತದೆ. ಹೀಗೆ ತಿದ್ದಿದೆವು:

```
=FV(1.02^(1/3)-1, 12, -1000, 0, 1)
```

ಬಂದದ್ದು 12,529.33. ಕಾಗದದ ಲೆಕ್ಕಕ್ಕಿಂತ 36 ಪೈಸೆ ಕಡಿಮೆ. ನಾವು ತ್ರೈಮಾಸಿಕದೊಳಗೆ ಸರಳ ಬಡ್ಡಿ ಹಿಡಿದಿದ್ದೆವು. ಈ ಸೂತ್ರ ಎರಡು ಪರ್ಸೆಂಟನ್ನು ಘನಮೂಲದಿಂದ ತಿಂಗಳುಗಳಿಗೆ ಹಂಚುತ್ತದೆ. ಎರಡೂ ಬಳಕೆಯಲ್ಲಿವೆ, ಹಾಗಾಗಿ ಒಂದೆರಡು ರೂಪಾಯಿ ಹೆಚ್ಚುಕಡಿಮೆ ಬಂದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇಷ್ಟು ಚಿಕ್ಕ ಠೇವಣಿಯಲ್ಲಿ ಎಂಬತ್ತು ರೂಪಾಯಿಯ ವ್ಯತ್ಯಾಸ ಬಂದರೆ ಮಾತ್ರ ಕಂತಿನ ದಿನಾಂಕಗಳನ್ನು ನೋಡುತ್ತೇನೆ. ಒಂದು ಕಂತು ಒಂದು ತಿಂಗಳು ತಡವಾದರೆ ಆರೇಳು ರೂಪಾಯಿ ಬಡ್ಡಿ ಹೋಗುತ್ತದೆ, ದಂಡ ಇದ್ದರೆ ಅದು ಬೇರೆ.

"ಹಾಗಾದ್ರೆ ಚಕ್ರಬಡ್ಡಿ ಅನ್ನೋದು ಬರೀ ಹತ್ತು ರೂಪಾಯಿಗಾ?" ಎಂದಳು ತಂಗಿ. ಒಂದು ವರ್ಷಕ್ಕೆ ಹೌದು. ಅದೇ ಸಾವಿರ, ಅದೇ ದರ, ಐದು ವರ್ಷಕ್ಕೆ ಹಾಕಿ ತೋರಿಸಿದೆ. 3,040ರ ಅದೇ ಸರಪಳಿ ಇಪ್ಪತ್ತು ಸಲ ನಡೆದರೆ 73,864. ಕಟ್ಟಿದ್ದು 60,000, ಬಡ್ಡಿ 13,864. ಸರಳ ಬಡ್ಡಿಯಾಗಿದ್ದರೆ 12,200 ಮಾತ್ರ. ಹತ್ತು ರೂಪಾಯಿ ಇದ್ದ ಜಾಗದಲ್ಲಿ ಈಗ ಸಾವಿರದ ಆರುನೂರ ಅರವತ್ತನಾಲ್ಕು. ಹೊಸ ಆರ್‌ಡಿಯನ್ನು ಎಷ್ಟು ವರ್ಷಕ್ಕೆ ಮಾಡಿಸುವುದು ಎಂಬುದನ್ನು ಅವಳೇ ಕೂತು ಲೆಕ್ಕ ಹಾಕತೊಡಗಿದಳು.