ಆಡಿಸಿದರೆ ಬರುವ ನಿಯಮ

ಊರಿನ ಅಜ್ಜಿಯಂದಿರಿಂದ ಅಳಗುಳಿ ಮಣೆ ಆಟದ ನಿಯಮ ಬರೆದುಕೊಳ್ಳುತ್ತಿದ್ದೇನೆ. ಸುಮ್ನೆ ಕೇಳಿದರೆ ಎರಡೇ ಮಾತಲ್ಲಿ ಮುಗಿಸುತ್ತಾರೆ. ಆಡಲು ಕೂರಿಸಿದರೆ ಎಲ್ಲ ಹೊರಬರುತ್ತದೆ.

14 ಗುಳಿ, ಗುಳಿಗೆ 5 ಹುಣಸೆಬೀಜ. ಒಂದು ಗುಳಿಯದನ್ನು ಎತ್ತಿ ಒಂದೊಂದಾಗಿ ಹಂಚಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಎತ್ತಿ ಮತ್ತೆ ಹಂಚಬೇಕು. ಅದು ಬರಿದಾಗಿದ್ದರೆ ಅದರಾಚೆಯ ಗುಳಿಯ ಬೀಜವೆಲ್ಲ ನಮ್ಮದು. ಸಾಲಾಗಿ ಎರಡು ಗುಳಿ ಬರಿದಾಗಿದ್ದರೆ? ಆಡುವಾಗ ಆ ಘಟ್ಟ ಬಂದ ಮೇಲೇ ಅಜ್ಜಿ ಹೇಳಿದ್ದು: "ಏನೂ ಸಿಗಲ್ಲ ಮಗಾ, ಆಟ ಎದುರಿನವರಿಗೆ ಬಿಡು." ಮಕ್ಕಳು ಜಗಳ ಆಡೋದು ಇಂಥ ಕಡೆಯೇ ಅಲ್ವಾ?

ಇನ್ನೊಂದು ಮನೆಯಲ್ಲಿ ಗುಳಿಗೆ 4 ಬೀಜ. ಯಾವುದನ್ನೂ ತಪ್ಪು ಅನ್ನಲು ಮನಸ್ಸಿಲ್ಲ. ಎರಡನ್ನೂ ಬರೆದಿಟ್ಟಿದ್ದೇನೆ, ಯಾವುದು ಅಂತ ಮಕ್ಕಳು ಆಟಕ್ಕೆ ಮುಂಚೆ ಒಪ್ಪಿಕೊಳ್ಳಲಿ.