ಅಕ್ಕ ಕಳಿಸಿದ ಐವತ್ತು ಸಾವಿರ ಡಾಲರ್

2024ರ ಮೇ ತಿಂಗಳಲ್ಲಿ ಪುಣೆಯ ಕೋಥ್ರೂಡಿನಲ್ಲಿ ನಾವು ಕೊಳ್ಳಲು ಹೊರಟಿದ್ದ ಮನೆಯ ದೊಡ್ಡ ಕಂತಿಗೆ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕ ಐವತ್ತು ಸಾವಿರ ಡಾಲರ್ ಕಳಿಸಿದಳು. ಅವಳ ಖಾತೆಯಿಂದ ಹಣ ಹೋದ ಮೂರನೆಯ ದಿನವೂ ನನ್ನ ಖಾತೆಯಲ್ಲಿ ಏನೂ ಕಾಣಲಿಲ್ಲ. ಅವಳಿಗೆ ಆತಂಕ, ಬಿಲ್ಡರನ ಕಚೇರಿಯಿಂದ ನನಗೆ ಫೋನು. ಕೊನೆಗೆ ಅಕ್ಕ ತನ್ನ ಬ್ಯಾಂಕಿನಿಂದ, ದೇಶದಿಂದ ದೇಶಕ್ಕೆ ಹಣ ಕಳಿಸುವಾಗ ಬ್ಯಾಂಕುಗಳು ಒಂದಕ್ಕೊಂದು ರವಾನಿಸುವ MT103 ಎಂಬ ಸ್ವಿಫ್ಟ್ ಸಂದೇಶದ ಪ್ರತಿಯನ್ನು ತರಿಸಿ ಕಳಿಸಿದಳು. ಅದರಲ್ಲಿದ್ದ, ಹಣದ ಜಾಡು ಹಿಡಿಯಲು ನೆರವಾಗುವ UETR ಎಂಬ ಉದ್ದನೆಯ ಸಂಖ್ಯೆಯನ್ನು ಶಾಖೆಯಲ್ಲಿ ಕೊಟ್ಟಾಗ ಹಣ ಎಲ್ಲಿಯೂ ಕಳೆದಿಲ್ಲ, ನಮ್ಮ ಬ್ಯಾಂಕಿಗೇ ಬಂದು ನನ್ನ ಉತ್ತರಕ್ಕಾಗಿ ಕಾಯುತ್ತಿದೆ ಎಂಬುದು ಗೊತ್ತಾಯಿತು.

ಹೊರದೇಶದಿಂದ ಬರುವ ಡಾಲರು ನೇರವಾಗಿ ನಮ್ಮ ಉಳಿತಾಯ ಖಾತೆಗೆ ಇಳಿಯುವುದಿಲ್ಲ. ಅದು ಮೊದಲು ನಮ್ಮ ಬ್ಯಾಂಕು ಅಮೆರಿಕದ ಇನ್ನೊಂದು ಬ್ಯಾಂಕಿನಲ್ಲಿ ಇಟ್ಟುಕೊಂಡಿರುವ ಖಾತೆಗೆ ಸೇರುತ್ತದೆ. ಆ ಬಳಿಕ ಇಲ್ಲಿಯ ವಿದೇಶಿ ವಿನಿಮಯ ವಿಭಾಗವು ಅದನ್ನು ರೂಪಾಯಿಗೆ ಪರಿವರ್ತಿಸಿ ನಮಗೆ ಜಮಾ ಮಾಡುತ್ತದೆ. ಹಾಗೆ ಮಾಡುವ ಮೊದಲು ಈ ಹಣ ಯಾವ ಬಾಬ್ತಿನದು ಎಂಬುದನ್ನು ರಿಸರ್ವ್ ಬ್ಯಾಂಕ್ ನಿಗದಿಪಡಿಸಿರುವ ಸಂಕೇತದಲ್ಲಿ ದಾಖಲಿಸಬೇಕು. ಸಣ್ಣ ಮೊತ್ತವಾದರೆ ಇದು ನಮ್ಮ ಗಮನಕ್ಕೇ ಬಾರದಂತೆ ಮುಗಿಯಬಹುದು. ನಲವತ್ತು ಲಕ್ಷ ದಾಟಿದ ಹಣಕ್ಕೆ ನನ್ನಿಂದ ಲಿಖಿತ ಘೋಷಣೆ ಬೇಕೆಂದರು. ಮೇಜಿನ ಆಚೆಗಿದ್ದ ಅಧಿಕಾರಿ ಅಭ್ಯಾಸಬಲದಿಂದ P1301 ಎಂದು ಬರೆಯಹೊರಟಿದ್ದರು. ಅದು ಅನಿವಾಸಿ ಭಾರತೀಯರು ಮನೆಯ ಖರ್ಚಿಗೂ ಉಳಿತಾಯಕ್ಕೂ ಕಳಿಸುವ ಹಣದ ಸಂಕೇತ. ಅಕ್ಕ ಈಗ ಅಮೆರಿಕದ ಪ್ರಜೆ, ಕೊಟ್ಟದ್ದು ಉಡುಗೊರೆ. ಆದ್ದರಿಂದ ವೈಯಕ್ತಿಕ ಉಡುಗೊರೆಯ P1302 ಸರಿಯಾಗುತ್ತದೆ ಎಂದು ಕೇಳಿಕೊಂಡೆ, ಅವರೂ ಒಪ್ಪಿದರು.

ಘೋಷಣೆಯೊಂದಿಗೆ ನನ್ನ ಪ್ಯಾನ್ ಕಾರ್ಡು, ಅಕ್ಕನ ಪಾಸ್‌ಪೋರ್ಟಿನ ಪ್ರತಿ, ಅವಳು ಸಹಿ ಮಾಡಿದ ಉಡುಗೊರೆ ಪತ್ರ ಮತ್ತು ನಾವಿಬ್ಬರೂ ಒಡಹುಟ್ಟಿದವರೆಂಬುದಕ್ಕೆ ದಾಖಲೆ ಕೇಳಿದರು. ಕೊನೆಯದೇ ನಮ್ಮನ್ನು ಹೆಚ್ಚು ಓಡಾಡಿಸಿತು. ಇದು ಕನ್ನಡದವರ ಹೆಸರಿನ ಪಾಡು: ನನ್ನ ಪ್ಯಾನ್ ಕಾರ್ಡಿನಲ್ಲಿ ಮಹಾರಾಷ್ಟ್ರದ ರೂಢಿಯಂತೆ ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು ಇದೆ, ಧಾರವಾಡದಲ್ಲಿ ಓದಿದ ಅಕ್ಕನ ಹಳೆಯ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ಲು, ಅವಳ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಭಾವನ ಊರಿನ ಹೆಸರೇ ಅಡ್ಡಹೆಸರಾಗಿ ಕೂತಿದೆ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ನಾವು ಅಕ್ಕ-ತಮ್ಮ ಎಂದು ಯಾರೂ ಹೇಳಲಾರರು. ಅಪ್ಪನ ಪೂರ್ತಿ ಹೆಸರಿರುವ ಇಬ್ಬರ ಶಾಲಾ ವರ್ಗಾವಣೆ ಪತ್ರಗಳು ಮತ್ತು ಅಕ್ಕನ ಮದುವೆಯ ನೋಂದಣಿ ಪತ್ರ ಸೇರಿದ ಮೇಲೆ ಕೊಂಡಿ ಕೂಡಿಕೊಂಡಿತು.

ಉಡುಗೊರೆ ಪತ್ರಕ್ಕೆ ನಾವು ಮುದ್ರಾಂಕ ಕಾಗದವನ್ನೇನೂ ಬಳಸಲಿಲ್ಲ. ಬ್ಯಾಂಕು ಕೇಳಿದ್ದು ಸಾದಾ ಹಾಳೆಯ ಮೇಲಿನ ಪತ್ರ. ಯಾರು ಯಾರಿಗೆ, ಎಷ್ಟು, ಯಾವ ಖಾತೆಯಿಂದ, ಯಾವ ದಿನ ಕೊಟ್ಟರು, ಹಿಂದಿರುಗಿಸುವ ಷರತ್ತಿಲ್ಲ ಎಂಬಿಷ್ಟು ಅದರಲ್ಲಿತ್ತು. "ಆದಾಗ ಕೊಡು ಮಾರಾಯ" ಎಂದು ಭಾವ ತಮಾಷೆಗೆ ಮೆಸೇಜು ಮಾಡಿದ್ದರು. ಅಂಥ ಮಾತು ಪತ್ರಕ್ಕೆ ಬಂದರೆ ಅದು ಸಾಲವಾಗುತ್ತದೆ, ವಿದೇಶದ ಬಂಧುವಿನಿಂದ ಪಡೆಯುವ ಸಾಲಕ್ಕೆ ಬೇರೆಯೇ ನಿಯಮಗಳಿವೆ ಎಂದು ಬರೆದೆ. ಅವರು ಬರೀ ನಗುವ ಚಿತ್ರ ಕಳಿಸಿದರು.

ಕಾಗದಪತ್ರ ಒಪ್ಪಿಗೆಯಾದ ದಿನವೇ ದರದ ಮಾತು. ಬ್ಯಾಂಕಿನ ಅಂದಿನ ಪಟ್ಟಿಯಲ್ಲಿ ಡಾಲರಿಗೆ 82.55 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ 83.45ರ ಆಸುಪಾಸು. ಇಂಥ ದೊಡ್ಡ ಮೊತ್ತಕ್ಕೆ ಪಟ್ಟಿಯ ದರವನ್ನೇ ಒಪ್ಪಬೇಕಾಗಿಲ್ಲ. ದರ ನಿಗದಿಯಾಗುವ ತನಕ ಪರಿವರ್ತಿಸಬೇಡಿ ಎಂದು ಮೊದಲೇ ಬರೆದುಕೊಟ್ಟಿದ್ದೆ. ವ್ಯವಸ್ಥಾಪಕರು ಮುಂಬೈಯ ಟ್ರೆಶರಿ ವಿಭಾಗದೊಡನೆ ಫೋನಿನಲ್ಲಿ ಮಾತಾಡಿ 83.20 ಕೊಡಿಸಿದರು. ಅರವತ್ತೈದು ಪೈಸೆಯ ಈ ವ್ಯತ್ಯಾಸದಿಂದ ಉಳಿದದ್ದು ಸುಮಾರು 32 ಸಾವಿರ ರೂಪಾಯಿ. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕೊಂದು 25 ಡಾಲರ್ ಹಿಡಿದುಕೊಂಡಿತ್ತು, ಆದ್ದರಿಂದ ಪರಿವರ್ತನೆಗೆ ಸಿಕ್ಕಿದ್ದು 49,975 ಡಾಲರ್, ಅಂದರೆ 41,57,920 ರೂಪಾಯಿ. ವಿನಿಮಯದ ಮೇಲಿನ ಜಿಎಸ್‌ಟಿ ಎಂದಾಗ ಪೂರ್ತಿ ಮೊತ್ತದ ಶೇಕಡಾ 18 ಎಂದು ಮನೆಯಲ್ಲಿ ಎಲ್ಲರಿಗೂ ಗಾಬರಿಯಾಗಿತ್ತು. ನಿಜದಲ್ಲಿ ಅದು ಬೀಳುವುದು ನಿಯಮದಂತೆ ಎಣಿಸಿದ ಸಣ್ಣ ಮೌಲ್ಯದ ಮೇಲೆ: ಹತ್ತು ಲಕ್ಷ ಮೀರಿದ ಪರಿವರ್ತನೆಗೆ 5,500 ರೂಪಾಯಿ, ಜೊತೆಗೆ ಹತ್ತು ಲಕ್ಷದ ಮೇಲಿನ ಭಾಗದ ಶೇಕಡಾ 0.1. ನಮ್ಮ ಲೆಕ್ಕದಲ್ಲಿ ಆ ಮೌಲ್ಯ ಸುಮಾರು 8,658 ರೂಪಾಯಿ, ತೆರಿಗೆ 1,558 ರೂಪಾಯಿ. ಜಮಾ ಆದ ಮೇಲೆ ಬ್ಯಾಂಕಿನಿಂದ ಒಳಬಂದ ಹಣದ ಸೂಚನಾ ಪತ್ರವನ್ನು ಕೇಳಿ ಪಡೆದೆ. ಡಾಲರು, ದರ, ಕಳಿಸಿದವರ ಹೆಸರು ಮತ್ತು ಬಾಬ್ತಿನ ಸಂಕೇತ ಒಂದೇ ಹಾಳೆಯಲ್ಲಿರುವ ಆ ಪತ್ರವೇ ಮುಂದೆ ಎಲ್ಲ ಕಡೆಯೂ ಬೇಕಾಯಿತು.

ಆದಾಯ ತೆರಿಗೆಯ ಬಗ್ಗೆ ನಮ್ಮ ಆಡಿಟರು ಮೊದಲು ಕೇಳಿದ್ದು ಕೊಟ್ಟವರು ಯಾರು ಎಂದೇ. ಆ ವರ್ಷಕ್ಕೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 56ನೇ ಕಲಮಿನಂತೆ ಒಂದು ವರ್ಷದಲ್ಲಿ 50 ಸಾವಿರ ಮೀರಿದ ಉಡುಗೊರೆ ಪೂರ್ತಿಯಾಗಿ ಆದಾಯವಾಗುತ್ತದೆ, ಆದರೆ ಆ ಕಾಯ್ದೆಯೇ ಹೆಸರಿಸಿದ ಸಂಬಂಧಿಗಳು ಕೊಟ್ಟರೆ ಎಷ್ಟಾದರೂ ತೆರಿಗೆಯಿಲ್ಲ. ಅಕ್ಕ ಆ ಪಟ್ಟಿಯಲ್ಲಿದ್ದಾಳೆ, ಭಾವನೂ ಇದ್ದಾರೆ. ಸೋದರಮಾವ ನನಗೆ ಕೊಟ್ಟರೆ ತೆರಿಗೆಯಿಲ್ಲ, ನಾನು ಸೋದರಮಾವನಿಗೆ ಕೊಟ್ಟರೆ ಅವರಿಗೆ ತೆರಿಗೆಯುಂಟು, ಏಕೆಂದರೆ ಪಡೆಯುವವರ ಕಡೆಯಿಂದ ನೋಡಿದಾಗ ಸೋದರಳಿಯ ಆ ಪಟ್ಟಿಯಲ್ಲಿಲ್ಲ. ಚಿಕ್ಕಪ್ಪನ ಮಗನೂ ಇಲ್ಲ, ಎಷ್ಟೇ ಅಣ್ಣ ಅಣ್ಣ ಎಂದರೂ. ಮುಂದೆಂದಾದರೂ ಪ್ರಶ್ನೆ ಬಂದರೆ ಕೊಟ್ಟವರಿಗೆ ಅಷ್ಟು ಕೊಡುವ ಶಕ್ತಿಯಿತ್ತೇ ಎಂಬುದನ್ನೂ ತೋರಿಸಬೇಕಾದೀತೆಂದು ಹಣ ಹೊರಟ ತಿಂಗಳಿನ ಅಕ್ಕನ ಬ್ಯಾಂಕ್ ಹೇಳಿಕೆಯ ಪ್ರತಿಯನ್ನು ತರಿಸಿ ಇಟ್ಟುಕೊಂಡರು.

ಬ್ಯಾಂಕಿನಲ್ಲಿ ಯಾರೂ ಹೇಳದಿದ್ದ ಒಂದು ಸಂಗತಿಯನ್ನೂ ಅವರೇ ಎತ್ತಿದರು. ಅಕ್ಕನ ಬಳಿ ಭಾರತದ ಪಾಸ್‌ಪೋರ್ಟು ಇದ್ದಿದ್ದರೆ ಅವಳ ಉಳಿತಾಯದ ಹಣ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ ವಿದೇಶಿ ವಂತಿಗೆ ಎನಿಸುತ್ತಿರಲಿಲ್ಲ. ಅವಳದು ಈಗ ಅಮೆರಿಕದ ಪೌರತ್ವ. ಒಸಿಐ ಕಾರ್ಡು ಇದ್ದರೂ ಈ ಕಾನೂನಿನ ಕಣ್ಣಿಗೆ ಅವಳು ವಿದೇಶಿಯಳೇ. ವಿದೇಶಿ ಪ್ರಜೆಯಾದ ಸಂಬಂಧಿಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಮೀರಿ ಪಡೆದವರು ಮೂರು ತಿಂಗಳೊಳಗೆ ಗೃಹ ಸಚಿವಾಲಯಕ್ಕೆ ಎಫ್‌ಸಿ-1 ನಮೂನೆಯಲ್ಲಿ ತಿಳಿಸಬೇಕು. 2022ರ ಜುಲೈಗೆ ಮೊದಲು ಮಿತಿ ಬರೀ 1 ಲಕ್ಷ, ಅವಧಿ 30 ದಿನ. ಇಲ್ಲಿ ಸಂಬಂಧಿ ಎಂಬುದರ ಪಟ್ಟಿಯೂ ತೆರಿಗೆಯದಲ್ಲ, ಕಂಪನಿ ಕಾಯ್ದೆಯದು. ಅದರಲ್ಲಿ ಅಕ್ಕ ಇದ್ದಾಳೆ, ಭಾವನಿಲ್ಲ. ಹಣ ಹೊರಟದ್ದು ಅವರಿಬ್ಬರ ಜಂಟಿ ಖಾತೆಯಿಂದಾದ್ದರಿಂದ ಉಡುಗೊರೆ ಪತ್ರದಲ್ಲಿ ಕೊಡುವವಳು ಅಕ್ಕ ಒಬ್ಬಳೇ ಎಂದಿದ್ದದ್ದು ಒಳ್ಳೆಯದೇ ಆಯಿತು. fcraonline.nic.in ತಾಣದಲ್ಲಿ ನಮೂನೆ ತುಂಬುವ ಕೆಲಸ ಒಂದು ಸಂಜೆಯದು. ಇದಕ್ಕೆ ಅನುಮತಿ ಬೇಡ, ತಿಳಿಸಿದರೆ ಸಾಕು.

ಅಕ್ಕನ ಕಡೆಯೂ ಒಂದು ಲೆಕ್ಕವಿತ್ತು. ಅಮೆರಿಕದಲ್ಲಿ ಉಡುಗೊರೆಯ ಹೊಣೆ ಪಡೆದವರದಲ್ಲ, ಕೊಟ್ಟವರದು. 2024ರಲ್ಲಿ ಒಬ್ಬರಿಗೆ 18 ಸಾವಿರ ಡಾಲರ್ ಮೀರಿ ಕೊಟ್ಟವರು ಮರುವರ್ಷದ ಏಪ್ರಿಲ್‌ನೊಳಗೆ 709ನೇ ನಮೂನೆ ಸಲ್ಲಿಸಬೇಕು. ಅವರ ಜೀವಮಾನದ ವಿನಾಯಿತಿ ಕೋಟಿ ಡಾಲರಿಗೂ ಮೇಲಿರುವುದರಿಂದ ಅವಳು ತೆರಿಗೆಯನ್ನೇನೂ ಕಟ್ಟಬೇಕಾಗಲಿಲ್ಲ. ನಮೂನೆ ತುಂಬುವಾಗ ಉಡುಗೊರೆ ಪತ್ರದ ದಿನಾಂಕ ಬೇಕೆಂದು ಫೋನು ಮಾಡಿದಳು. ಅದರ ಪ್ರತಿಯೊಂದಿಗೆ ಇಲ್ಲಿಯ ಸೂಚನಾ ಪತ್ರವನ್ನೂ ಅವಳಿಗೆ ಕಳಿಸಿಕೊಟ್ಟೆ.