ನಾಳೆಗೇ ಸಿಗುತ್ತಾ?

"ಸರ್, ತಾತನ ಕಾಲದ ಕ್ರಯಪತ್ರ, ನಾಲ್ಕೇ ಪುಟ. ಇಂಗ್ಲಿಷ್‌ಗೆ ಮಾಡಿಕೊಡ್ತೀರಾ? ನಾಳೆಗೇ ಸಿಗುತ್ತಾ?"

ಮಾಡಿಕೊಡುತ್ತೇನೆ. ಕೈಬರಹದ್ದಾದರೆ ಮೂರು ದಿನ ಬೇಕು. ಟೈಪ್ ಮಾಡಿದ್ದು ಸ್ಪಷ್ಟವಾಗಿದ್ದರೆ ಮಾರನೆಯ ದಿನ ಸಂಜೆಗೆ ಕೊಡಬಲ್ಲೆ.

ಹೆಚ್ಚುವರಿ ದಿನಗಳು ಹೋಗುವುದು ಅನುವಾದಕ್ಕಲ್ಲ, ಓದುವುದಕ್ಕೆ. ಈಚೆಗೆ ಮಂಡ್ಯ ಕಡೆಯವರೊಬ್ಬರು ತಂದ ಪತ್ರದಲ್ಲಿ ಮಾರಿದ ಜಮೀನು ೧ ಎಕರೆ ೧೬ ಗುಂಟೆಯೋ ೧೯ ಗುಂಟೆಯೋ ತಿಳಿಯುತ್ತಿರಲಿಲ್ಲ. ಶಾಯಿ ಹರಡಿದ ಹಳೇ ಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಆದರೆ ಪೂರ್ತಿ ಜಮೀನು 2 ಎಕರೆ 5 ಗುಂಟೆ ಎಂದು ಮೇಲೆ ಸ್ಪಷ್ಟವಾಗಿತ್ತು. ಎಕರೆಗೆ 40 ಗುಂಟೆಯಂತೆ ಅದು 85 ಗುಂಟೆ. ಮಾರಿದ ಮೇಲೆ ಉಳಿದದ್ದು "ಇಪ್ಪತ್ತೊಂಬತ್ತು ಗುಂಟೆ" ಎಂದು ಕೊನೆಯ ಪುಟದಲ್ಲಿ ಅಕ್ಷರದಲ್ಲೇ ಬರೆದಿದ್ದರು. ಕಳೆದರೆ 56, ಅಂದರೆ 1 ಎಕರೆ 16 ಗುಂಟೆ. ಹೀಗೆ ತಾಳೆ ನೋಡಲು ಏನೂ ಸಿಗದಿದ್ದರೆ ಆ ಜಾಗದಲ್ಲಿ "ಓದಲಾಗುತ್ತಿಲ್ಲ" ಎಂದೇ ಹಾಕುತ್ತೇನೆ. ಅಂದಾಜಿನ ಅಂಕಿ ಬರೆಯುವುದಿಲ್ಲ.

ಹೆಸರುಗಳದ್ದು ಇನ್ನೊಂದು ಕಷ್ಟ. ಪತ್ರದಲ್ಲಿ "ತಿಮ್ಮೇಗೌಡ ಬಿನ್ ಕೆಂಪೇಗೌಡ" ಎಂದಿದ್ದರೆ "ಬಿನ್" ಎಂದರೆ ಮಗ, "ಕೋಂ" ಎಂದಿದ್ದರೆ ಹೆಂಡತಿ. ಇದನ್ನು ಹೆಸರಿನ ಭಾಗವೆಂದು ಇಂಗ್ಲಿಷಿಗೆ ಹಾಗೇ ಇಳಿಸಿದ ಅನುವಾದಗಳನ್ನು ನಾನೇ ತಿದ್ದಿದ್ದೇನೆ. ತಿಮ್ಮೇಗೌಡ ಪಾಸ್‌ಪೋರ್ಟಿನಲ್ಲಿ ಒಂದೇ ಪದವೋ ಎರಡು ಪದವೋ ಎಂಬುದೂ ಮುಖ್ಯ, ಇಲ್ಲದಿದ್ದರೆ ಎರಡೂ ದಾಖಲೆಗಳ ಹೆಸರು ಹೊಂದುವುದಿಲ್ಲ. ಅದಕ್ಕೇ ಕೆಲಸ ಶುರುಮಾಡುವ ಮೊದಲೇ ಇಂಗ್ಲಿಷ್ ಸ್ಪೆಲಿಂಗ್ ಇರುವ ಒಂದು ದಾಖಲೆ ಕೇಳುತ್ತೇನೆ. ತರಿ, ಖುಷ್ಕಿ, ಖರಾಬು, ಚಕ್ಕುಬಂದಿ ಇಂಥ ಮಾತುಗಳನ್ನು ಮೊದಲ ಸಲ ಬಂದಾಗ ಹಾಗೇ ಇಟ್ಟು ಪಕ್ಕದಲ್ಲೇ ಅರ್ಥ ಕೊಡುತ್ತೇನೆ. ಮೊಹರು, ಸಹಿ, ಹೆಬ್ಬೆಟ್ಟು, ಅಂಚಿನಲ್ಲಿ ಗೀಚಿದ ಷರಾ, ಯಾವುದನ್ನೂ ಬಿಡುವುದಿಲ್ಲ.

ನಾನಿರುವುದು ಮೈಸೂರಿನಲ್ಲಿ. ಕನ್ನಡ–ಇಂಗ್ಲಿಷ್ ಎರಡೂ ಕಡೆಗೆ, ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ತಮಿಳು, ಮಲಯಾಳ ನನ್ನ ಕೈಲಾಗದು. ಜಮೀನು ಪತ್ರ, ಜನನ–ಮರಣ ಪತ್ರ, ಕರಪತ್ರ, ಕಂಪನಿಗಳ ಕೈಪಿಡಿ ಇವೇ ಹೆಚ್ಚು ಬರುವ ಕೆಲಸ. ಸಲೀಸಾದ ಬರಹವಾದರೆ ದಿನಕ್ಕೆ 2000 ಪದ ಮುಗಿಯುತ್ತದೆ. ಲೆಕ್ಕ ಇಂಗ್ಲಿಷ್ ಪದಗಳದ್ದು. "ಬರೆದುಕೊಟ್ಟಿರುತ್ತೇನೆ" ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ ಮೂರು ನಾಲ್ಕು ಪದ ಬೇಕು. ಹಾಗಾಗಿ ಕನ್ನಡ ಪದ ಎಣಿಸಿ ಹೇಳಿದ ದಿನ, ದರ ಎರಡೂ ತಪ್ಪಾಗುತ್ತವೆ.

ಅನುವಾದದ ಜೊತೆ ನನ್ನ ಸಹಿಯ ಒಂದು ಪುಟದ ದೃಢೀಕರಣ ಕೊಡುತ್ತೇನೆ. ನೋಟರಿ ಮಾಡಿಸುವುದಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ತೆಗೆದ ಫೋಟೊಗಿಂತ ಅಂಗಡಿಯಲ್ಲಿ ಮಾಡಿಸಿದ ಸ್ಕ್ಯಾನ್ ಕಳಿಸಿ. ಮಡಿಕೆಯ ಗೆರೆಯ ಮೇಲೆ ಸರ್ವೆ ನಂಬರ್ ಕೂತಿದ್ದರೆ ಮೂಲ ಪತ್ರವನ್ನೇ ತನ್ನಿ, ಕಿಟಕಿ ಬೆಳಕಿನಲ್ಲಿ ಇಬ್ಬರೂ ಕೂತು ನೋಡೋಣ.